ಮೋಡೆಮ್ ಮೇಲೆ ಕೆಂಪು ದೀಪ: ಬೆಳಕು ಎಲ್ಲಿ ನಿಂತಿತು?

ವೈಫೈ ಸಿಗ್ನಲ್ ತುಂಬಾ ಇದೆ, ರೂಟರ್ ಮೇಲಿನ ಹಸಿರು ದೀಪಗಳೆಲ್ಲ ಉರಿಯುತ್ತಿವೆ, ಆದರೂ ವಾಟ್ಸ್ಯಾಪ್ ಮೆಸೇಜಿಗೆ ಒಂದು ಟಿಕ್ ಕೂಡ ಬೀಳುತ್ತಿಲ್ಲ. ಪಕ್ಕದಲ್ಲೇ ಗೋಡೆಗೆ ತಗುಲಿಹಾಕಿದ ಇನ್ನೊಂದು ಚಿಕ್ಕ ಪೆಟ್ಟಿಗೆಯ ಮೇಲೆ ಮಾತ್ರ ಒಂದು ಕೆಂಪು ದೀಪ ಮಿನುಗುತ್ತಿದೆ. ಫೈಬರ್ ಸಂಪರ್ಕವಿರುವ ಮನೆಗಳಲ್ಲಿ ಇಂಥ ಹೊತ್ತಿಗೆ ನಡೆಯುವುದು ಹೆಚ್ಚುಕಡಿಮೆ ಒಂದೇ. ಮೊದಲು ರೂಟರ್ ಆಫ್ ಮಾಡಿ ಆನ್ ಮಾಡುತ್ತಾರೆ. ಆಮೇಲೆ ವೈಫೈ ಪಾಸ್‌ವರ್ಡ್ ಮತ್ತೆ ಹಾಕುತ್ತಾರೆ. ಕೊನೆಗೆ ಯಾರೋ ಪಿನ್ ಹುಡುಕಿ ತಂದು ರೀಸೆಟ್ ತೂತಿಗೆ ಚುಚ್ಚುತ್ತಾರೆ. ಅಷ್ಟರಲ್ಲಿ ಒಂದಿದ್ದ ತೊಂದರೆ ಎರಡಾಗಿರುತ್ತದೆ.

ಆ ಕೆಂಪು ದೀಪಕ್ಕೂ ರೂಟರಿಗೂ ಸಂಬಂಧವಿಲ್ಲ. ಗಾಜಿನ ಎಳೆಯ ಮೂಲಕ ಮನೆಗೆ ಬರಬೇಕಾದ ಬೆಳಕು ಬರುತ್ತಿಲ್ಲ, ಅಥವಾ ಓದಲಾಗದಷ್ಟು ಕ್ಷೀಣವಾಗಿ ಬರುತ್ತಿದೆ ಎಂಬುದಷ್ಟೇ ಅದರ ಅರ್ಥ. ಆದ್ದರಿಂದ ನೋಡಬೇಕಾದ್ದು ಬೆಳಕು ಎಲ್ಲಿ ನಿಂತಿತು ಎಂಬುದನ್ನು. ಮನೆಯೊಳಗೆ ನಾವೇ ನೋಡಬಹುದಾದ ಜಾಗಗಳು ಕೆಲವೇ ಇವೆ. ಅವನ್ನು ಕ್ರಮವಾಗಿ ನೋಡಿದರೆ ಅರ್ಧ ಗಂಟೆಯೊಳಗೆ ಒಂದೋ ಸಂಪರ್ಕ ಮರಳುತ್ತದೆ, ಇಲ್ಲವೇ ಕಂಪನಿಯವರಿಗೆ ಏನು ಹೇಳಬೇಕೆಂದು ಖಚಿತವಾಗುತ್ತದೆ.

ದೀಪಗಳು ಹೇಳುವುದೇನು?

ಫೈಬರ್ ಬಂದು ಸೇರುವ ಪೆಟ್ಟಿಗೆಯನ್ನು ಕಂಪನಿಯವರು ಒಎನ್‌ಟಿ ಅಥವಾ ಒಎನ್‌ಯು ಎನ್ನುತ್ತಾರೆ, ಮನೆಯವರ ಬಾಯಲ್ಲಿ ಅದು ಮೋಡೆಮ್. ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುವುದು ಅದರ ಕೆಲಸ. ಅಲ್ಲಿಂದ ಒಂದು ಲ್ಯಾನ್ ಕೇಬಲ್ ರೂಟರಿಗೆ ಹೋಗುತ್ತದೆ. ಹಲವು ಕಡೆ ಎರಡೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಮನೆ ದೊಡ್ಡದಾಗಿದ್ದು ವೈಫೈ ಒಳಕೋಣೆಗೆ ಸಿಗದಿದ್ದರೆ ರೂಟರನ್ನು ಬೇರೆಯಾಗಿ ಇಟ್ಟಿರುತ್ತಾರೆ.

ರೂಟರಿನ ವೈಫೈ ದೀಪ ಅದರದೇ ರೇಡಿಯೊ ಕೆಲಸ ಮಾಡುತ್ತಿದೆ ಎನ್ನುತ್ತದೆ. ಮೋಡೆಮಿನಿಂದ ಬರುವ ಕೇಬಲ್ ಸರಿಯಾಗಿ ಕೂತಿದ್ದು ಮೋಡೆಮಿಗೆ ಕರೆಂಟ್ ಇದ್ದರೆ ಆ ಪೋರ್ಟಿನ ದೀಪವೂ ಉರಿಯುತ್ತದೆ. ಮೋಡೆಮಿಗೆ ಹೊರಗಿನಿಂದ ಬೆಳಕು ಬರುತ್ತಿದೆಯೇ ಎಂದು ತಿಳಿಯುವ ದಾರಿ ಆ ದೀಪಗಳಿಗಿಲ್ಲ. ರೂಟರ್ ಸುಸ್ಥಿತಿಯಲ್ಲಿರುವಂತೆ ಕಾಣುವುದು ಅದಕ್ಕೇ, ಮತ್ತು ಅದು ನಿಜವಾಗಿಯೂ ಸುಸ್ಥಿತಿಯಲ್ಲೇ ಇರುತ್ತದೆ. ರೂಟರಿನ ಸ್ಟೇಟಸ್ ಪುಟ ತೆರೆದರೆ ಇಂಟರ್‌ನೆಟ್ ವಿಳಾಸದ ಜಾಗದಲ್ಲಿ `0.0.0.0` ಎಂದಿರಬಹುದು. ಮೋಡೆಮಿನ ಕಡೆಯಿಂದ ಏನೂ ಬಂದಿಲ್ಲ ಎಂಬುದೇ ಅದರ ಅರ್ಥ.

ಮೋಡೆಮ್ ಮೇಲೆ ಗಮನಿಸಬೇಕಾದ ದೀಪಗಳು ಎರಡು. ಒಂದರ ಕೆಳಗೆ ಎಲ್‌ಒಎಸ್ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿರುತ್ತವೆ, ಇನ್ನೊಂದರ ಕೆಳಗೆ ಪಿಒಎನ್, ಅಂದರೆ ಪಾನ್. ಎಲ್ಲ ಸರಿಯಿದ್ದಾಗ ಎಲ್‌ಒಎಸ್ ದೀಪ ಆರಿರಬೇಕು, ಪಾನ್ ದೀಪ ಹಸಿರಾಗಿ ಸ್ಥಿರವಾಗಿ ಉರಿಯಬೇಕು. ಎಲ್‌ಒಎಸ್ ಕೆಂಪಾಗಿದ್ದರೆ ಬೆಳಕಿನ ತೊಂದರೆ. ಎಲ್‌ಒಎಸ್ ಆರಿದ್ದು ಪಾನ್ ದೀಪ ಮಾತ್ರ ಮಿನುಗುತ್ತಲೇ ಇದ್ದರೆ ಬೆಳಕು ಬರುತ್ತಿದೆ, ಆದರೆ ಮೋಡೆಮ್ ಕಂಪನಿಯ ಯಂತ್ರದಲ್ಲಿ ನೋಂದಣಿಯಾಗುತ್ತಿಲ್ಲ ಎಂದರ್ಥ. ಇದನ್ನು ಸಾಮಾನ್ಯವಾಗಿ ಅವರ ಕಡೆಯಿಂದಲೇ ಸರಿಪಡಿಸಬೇಕು. ಎರಡೂ ಸರಿಯಿದ್ದು ಇಂಟರ್‌ನೆಟ್ ಎಂದು ಬರೆದ ದೀಪ ಮಾತ್ರ ಕೆಂಪಾಗಿದ್ದರೆ ರೀಚಾರ್ಜ್ ಮುಗಿದಿರಬಹುದು ಅಥವಾ ಲಾಗಿನ್ ತಪ್ಪಿರಬಹುದು. ಆದ್ದರಿಂದ ಏನನ್ನೂ ಮುಟ್ಟುವ ಮೊದಲು ಕೆಂಪಾಗಿರುವುದು ಯಾವ ದೀಪ ಎಂದು ಓದಿ, ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಈ ಲೇಖನ ಎಲ್‌ಒಎಸ್ ಕೆಂಪಾಗಿರುವ ಸಂದರ್ಭದ್ದು.

ಮೊದಲು ಪಕ್ಕದ ಮನೆ

ಮನೆಯ ವಯರ್ ಹುಡುಕುವ ಮೊದಲು, ಅದೇ ಕಂಪನಿಯ ಸಂಪರ್ಕವಿರುವ ಅಕ್ಕಪಕ್ಕದವರನ್ನು ವಿಚಾರಿಸಿ. ಕಂಪನಿಯ ಕೇಂದ್ರದಲ್ಲಿರುವ ಯಂತ್ರದಿಂದ ಹೊರಡುವ ಒಂದೇ ಫೈಬರಿನ ಬೆಳಕನ್ನು ದಾರಿಯಲ್ಲಿ ಸ್ಪ್ಲಿಟರ್ ಎಂಬ ಗಾಜಿನ ಸಾಧನ ಒಡೆದು 32 ಅಥವಾ 64 ಮನೆಗಳಿಗೆ ಹಂಚುತ್ತದೆ. ಕಂಬದ ಮೇಲಿನ ಪೆಟ್ಟಿಗೆಯಲ್ಲಿ ಕೂತಿರುವ ಈ ಸ್ಪ್ಲಿಟರಿಗೆ ಕರೆಂಟ್ ಬೇಕಿಲ್ಲ. ಕೇಂದ್ರದ ಯಂತ್ರಕ್ಕೆ ಬೇಕು.

ಮಲೆನಾಡಿನಂಥ ಕಡೆ ಈ ವಿಷಯ ನೆನಪಿನಲ್ಲಿರಬೇಕು. ಗಾಳಿಮಳೆಗೆ ಇಡೀ ದಿನ ಕರೆಂಟ್ ಹೋದಾಗ ಇನ್ವರ್ಟರ್ ಇರುವ ಮನೆಯಲ್ಲಿ ಮೋಡೆಮ್, ರೂಟರ್ ಎರಡೂ ಓಡುತ್ತಿರುತ್ತವೆ. ಮೊದಲ ಕೆಲವು ಗಂಟೆ ಇಂಟರ್‌ನೆಟ್ಟೂ ಬರುತ್ತದೆ. ಕೇಂದ್ರದ ಬ್ಯಾಟರಿ ಮುಗಿದ ಕ್ಷಣ ಅಲ್ಲಿಂದ ಬೆಳಕು ನಿಂತು, ಆ ಊರಿನಲ್ಲಿ ಓಡುತ್ತಿರುವ ಎಲ್ಲ ಮೋಡೆಮಿನಲ್ಲೂ ಕೆಂಪು ದೀಪ ಹತ್ತುತ್ತದೆ. ಆಗ ಮನೆಯಲ್ಲಿ ಮಾಡಬೇಕಾದ್ದು ಏನೂ ಇಲ್ಲ. ಹಾಗೆಯೇ ರಸ್ತೆ ಅಗೆಯುವ ಜೆಸಿಬಿ ದೊಡ್ಡ ಕೇಬಲನ್ನೇ ಕಿತ್ತರೆ ಬೀದಿಗೆ ಬೀದಿಯೇ ಒಟ್ಟಿಗೆ ನಿಲ್ಲುತ್ತದೆ. ಪಕ್ಕದವರಿಗೆ ಬರುತ್ತಿದ್ದು ನಮಗೆ ಮಾತ್ರ ಇಲ್ಲವೆಂದರೆ ತೊಂದರೆ ಕಂಬದ ಪೆಟ್ಟಿಗೆಯಿಂದ ನಮ್ಮ ಮೋಡೆಮಿನವರೆಗಿನ ಭಾಗದಲ್ಲಿ ಇರುವ ಸಾಧ್ಯತೆಯೇ ಹೆಚ್ಚು. ಹುಡುಕಾಟ ಮುಂದುವರಿಸುವುದಕ್ಕೆ ಅರ್ಥವಿರುವುದು ಆಗ ಮಾತ್ರ.

ಈ ಹಂತದಲ್ಲಿ ಮೋಡೆಮಿನ ಅಡಾಪ್ಟರನ್ನು ಪ್ಲಗ್ಗಿನಿಂದ ತೆಗೆದು, ಒಂದೆರಡು ನಿಮಿಷ ಬಿಟ್ಟು ಮತ್ತೆ ಹಾಕಬಹುದು. ಅದು ಎದ್ದು ನಿಲ್ಲಲು ಕೆಲವು ನಿಮಿಷ ಬೇಕು. ಒಂದು ಸಲ ಸಾಕು. ರೀಸೆಟ್ ತೂತಿಗೆ ಮಾತ್ರ ಕೈಹಾಕಬೇಡಿ. ಅದು ಮೋಡೆಮಿನಲ್ಲಿ ಕಂಪನಿಯವರು ತುಂಬಿಟ್ಟ ಲಾಗಿನ್ ಮತ್ತು ನೆಟ್‌ವರ್ಕ್ ವಿವರಗಳನ್ನು ಅಳಿಸಬಹುದು. ಆಮೇಲೆ ಬೆಳಕು ಮರಳಿದರೂ ಇಂಟರ್‌ನೆಟ್ ಬರುವುದಿಲ್ಲ.

ವಯರಿನ ಜಾಡು

ಇನ್ನು ಮೋಡೆಮಿನಿಂದ ಹಿಂದಕ್ಕೆ ಹೋಗೋಣ. ಮೋಡೆಮಿಗೆ ಸೇರುವ ತೆಳ್ಳನೆಯ, ಸಾಮಾನ್ಯವಾಗಿ ಹಳದಿ ಅಥವಾ ಬಿಳಿ ಬಣ್ಣದ ವಯರೇ ಪ್ಯಾಚ್ ಕಾರ್ಡ್. ಅದು ಗೋಡೆಯ ಮೇಲಿನ ಚಿಕ್ಕ ಡಬ್ಬಿಯಲ್ಲಿ, ಹೊರಗಿನಿಂದ ಬಂದ ಕಪ್ಪು ಕೇಬಲಿನ ಜೊತೆ ಕೂಡಿಕೊಳ್ಳುತ್ತದೆ. ಕೆಲವು ಮನೆಗಳಲ್ಲಿ ಡಬ್ಬಿ ಇಲ್ಲದೆ ಹೊರಗಿನ ಕೇಬಲೇ ನೇರವಾಗಿ ಮೋಡೆಮಿಗೆ ಬಂದಿರುತ್ತದೆ. ಮೋಡೆಮಿನಿಂದ ಕಿಟಕಿಯ ತೂತಿನವರೆಗೂ ಅದನ್ನು ಕಣ್ಣಿನಲ್ಲಿ, ನಿಧಾನವಾಗಿ ಬೆರಳಿನಲ್ಲಿ ಹಿಂಬಾಲಿಸಿ.

ಹುಡುಕಬೇಕಾದ್ದು ಮುಖ್ಯವಾಗಿ ತಿರುವು. ಗಾಜಿನ ಎಳೆಯಲ್ಲಿ ಬೆಳಕು ಒಳಗೊಳಗೇ ಪ್ರತಿಫಲಿಸುತ್ತಾ ಸಾಗುತ್ತದೆ. ತಿರುವು ಕಡಿದಾದರೆ ಅದು ಅಂಚು ದಾಟಿ ಹೊರಗೆ ಸೋರಿಹೋಗುತ್ತದೆ. ಹಳೆಯ ಬಗೆಯ ಫೈಬರನ್ನು 30 ಮಿಲಿಮೀಟರ್ ತ್ರಿಜ್ಯಕ್ಕಿಂತ ಕಡಿದಾಗಿ ಬಗ್ಗಿಸಬಾರದು. ಮನೆಗಳಿಗೆಂದೇ ಬಂದ ಹೊಸ ಬಗೆ 10 ಮಿಲಿಮೀಟರ್‌ವರೆಗೂ ತಾಳುತ್ತದೆ. ನಮ್ಮ ಮನೆಯದ್ದು ಯಾವುದೆಂದು ಹೊರಗಿನಿಂದ ಗೊತ್ತಾಗದ ಕಾರಣ, ಹೆಚ್ಚುವರಿ ವಯರನ್ನು ದೊಡ್ಡವರ ಕೈಬಳೆಗಿಂತ ಚಿಕ್ಕದಾಗಿ ಸುತ್ತಬಾರದು ಎಂದಿಟ್ಟುಕೊಂಡರೆ ಸಾಕು.

ಬೀರು, ದಿವಾನ, ಟಿವಿ ಸ್ಟ್ಯಾಂಡು ಗೋಡೆಗೆ ಒತ್ತಿದ ಜಾಗ, ಬಾಗಿಲ ಸಂದಿ, ಬಿಗಿಯಾಗಿ ಹೊಡೆದ ಕ್ಲಿಪ್ಪು, ವಯರುಗಳನ್ನೆಲ್ಲ ಅಂದವಾಗಿ ಕಟ್ಟಲೆಂದು ಎಳೆದು ಬಿಗಿದ ಪ್ಲಾಸ್ಟಿಕ್ ಟ್ಯಾಗು, ಇವು ಸಾಮಾನ್ಯ ತಪ್ಪಿತಸ್ಥರು. ಹಬ್ಬಕ್ಕೆ ಮನೆ ಗುಡಿಸಿ ಸಾಮಾನು ಸರಿಸಿದ ಮರುದಿನ ಕೆಂಪು ದೀಪ ಬಂದರೆ ಅಲ್ಲೇ ನೋಡಿ. ಒತ್ತಡ ತೆಗೆದು ವಯರನ್ನು ಸಡಿಲಿಸಿದರೆ, ಒಳಗಿನ ಗಾಜು ಮುರಿದಿಲ್ಲವಾದರೆ, ಸೋರಿಕೆ ನಿಂತು ದೀಪ ತಾನಾಗಿ ಆರುತ್ತದೆ. ಗಾಜು ಮುರಿದಿದ್ದರೆ ಅಥವಾ ಇಲಿ ಕಡಿದಿದ್ದರೆ ಟೇಪು ಸುತ್ತಿ ಪ್ರಯೋಜನವಿಲ್ಲ. ತಾಮ್ರದ ತಂತಿಯಂತೆ ಹೊಸೆದು ಕೂಡಿಸಲು ಇದಕ್ಕೆ ಬರುವುದಿಲ್ಲ. ಮುರಿದ ತುದಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕೂದಲಿನಷ್ಟು ತೆಳುವಾದ ಗಾಜಿನ ಚೂರು ಚರ್ಮದೊಳಗೆ ಸೇರಿಕೊಳ್ಳುತ್ತದೆ. ಗೋಡೆಯ ಡಬ್ಬಿಯನ್ನು ಬಿಚ್ಚದಿರುವುದೂ ಇದೇ ಕಾರಣಕ್ಕೆ. ಅದರೊಳಗೆ ರಕ್ಷಣೆಯಿಲ್ಲದ ಬರಿ ಫೈಬರ್ ಸುತ್ತಿರುತ್ತದೆ.

ಹಸಿರು ಪ್ಲಗ್ಗು

ವಯರು ಸರಿಯಿದ್ದರೆ ಉಳಿಯುವುದು ಕನೆಕ್ಟರ್. ಅದು ಚೌಕಾಕಾರದ ಪ್ಲಾಸ್ಟಿಕ್ ಪ್ಲಗ್ಗು, ನಮ್ಮ ಮನೆಗಳಲ್ಲಿ ಹೆಚ್ಚಾಗಿ ಹಸಿರು. ಅದರ ತುದಿಯಲ್ಲಿ ಎರಡೂವರೆ ಮಿಲಿಮೀಟರ್ ದಪ್ಪದ ಬಿಳಿ ಸೆರಾಮಿಕ್ ಕಡ್ಡಿ ಇದೆ, ಅದರ ನಡುಮಧ್ಯದಲ್ಲಿ ಗಾಜಿನ ಎಳೆ. ಆ ಎಳೆಯಲ್ಲೂ ಬೆಳಕು ಸಾಗುವ ತಿರುಳಿನ ಅಗಲ ಸುಮಾರು 9 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಕಣ್ಣಿಗೆ ಕಾಣದ ಧೂಳಿನ ಒಂದು ಕಣ, ಬೆರಳಿನ ಒಂದು ಜಿಡ್ಡಿನ ಗುರುತು ಅದನ್ನು ಪೂರ್ತಿ ಮುಚ್ಚಬಲ್ಲದು.

ಆದ್ದರಿಂದ ಮೊದಲು ಎಳೆಯುವುದಲ್ಲ, ಒತ್ತುವುದು. ಗುಡಿಸುವಾಗಲೋ ಮಕ್ಕಳು ಎಳೆದಾಗಲೋ ಪ್ಲಗ್ಗು ಸ್ವಲ್ಪ ಹೊರಬಂದಿರಬಹುದು. ಅದರ ಚೌಕ ಭಾಗವನ್ನು ಹಿಡಿದು ನೇರವಾಗಿ ಒಳಕ್ಕೆ ಒತ್ತಿದರೆ ಟಿಕ್ ಎಂದು ಕೂರುತ್ತದೆ. ಅಷ್ಟಕ್ಕೇ ದೀಪ ಆರಿದ ಮನೆಗಳಿವೆ. ಆರದಿದ್ದರೆ ಮೋಡೆಮ್ ಆಫ್ ಮಾಡಿ, ಪ್ಲಗ್ಗಿನ ಚೌಕವನ್ನೇ ಹಿಡಿದು, ವಯರನ್ನು ಎಳೆಯದೆ ಒಂದು ಸಲ ಹೊರತೆಗೆದು, ಮೊದಲಿದ್ದ ದಿಕ್ಕಿನಲ್ಲೇ ಮತ್ತೆ ಕೂರಿಸಿ. ತುದಿಯನ್ನು ಮುಟ್ಟಬೇಡಿ, ಬಾಯಿಂದ ಊದಬೇಡಿ, ಸೆರಗಿನಿಂದ ಒರೆಸಬೇಡಿ. ಎಂಜಲಿನ ತೇವ, ಬಟ್ಟೆಯ ನೂಲು ಎರಡೂ ಗಾಜಿನ ಮೇಲೆ ಉಳಿಯುತ್ತವೆ. ಅದನ್ನು ಶುಚಿ ಮಾಡಲು ಲೈನ್‌ಮ್ಯಾನ್ ಬಳಿ ಪೆನ್ನಿನ ಆಕಾರದ ಕ್ಲೀನರ್ ಇರುತ್ತದೆ. ಬೆಳಕು ಬರುತ್ತಿದೆಯೇ ಎಂದು ತುದಿಯೊಳಗೆ ಇಣುಕಲೂಬಾರದು. 1490 ನ್ಯಾನೋಮೀಟರ್ ಅಲೆಯುದ್ದದ ಈ ಲೇಸರ್ ಕಣ್ಣಿಗೆ ಕಾಣುವುದೇ ಇಲ್ಲ, ಆದರೂ ಕಣ್ಣಿಗೆ ಲೇಸರ್ ಹಿಡಿಯುವುದು ಒಳ್ಳೆಯದಲ್ಲ.

ಅಂಗಡಿಯಿಂದ ಹೊಸ ಪ್ಯಾಚ್ ಕಾರ್ಡ್ ತಂದು ಹಾಕಿದ ಮೇಲೆ ತೊಂದರೆ ಶುರುವಾಗಿದ್ದರೆ ಬಣ್ಣ ನೋಡಿ. ಹಸಿರು ಪ್ಲಗ್ಗಿನ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದು ಓರೆಯಿಲ್ಲದ್ದು. ಹಸಿರು ಪೋರ್ಟಿಗೆ ನೀಲಿ ಪ್ಲಗ್ಗು ಸಲೀಸಾಗಿ ಒಳಹೋಗುತ್ತದೆ, ಆದರೆ ಗಾಜಿಗೆ ಗಾಜು ತಾಗದೆ ನಡುವೆ ಸಂದು ಉಳಿದು ಬೆಳಕು ಪೋಲಾಗುತ್ತದೆ. ಹಸಿರಿಗೆ ಹಸಿರು, ನೀಲಿಗೆ ನೀಲಿ.

ಒಂದು ಅಂಕಿ

ಕೆಂಪು ದೀಪ ಇದೆ ಅಥವಾ ಇಲ್ಲ ಎಂದಷ್ಟೇ ಹೇಳುತ್ತದೆ. ಎಷ್ಟು ಬೆಳಕು ಬರುತ್ತಿದೆ ಎಂಬುದು ಮೋಡೆಮಿನ ಪುಟದಲ್ಲಿ ಸಿಗುತ್ತದೆ. ವಿಳಾಸ ಹೆಚ್ಚಾಗಿ `192.168.1.1` ಅಥವಾ `192.168.100.1`, ಪೆಟ್ಟಿಗೆಯ ತಳದ ಚೀಟಿಯಲ್ಲಿ ಬರೆದಿರುತ್ತದೆ. ರೂಟರಿನ ವಿಳಾಸವೂ ಅದೇ ಆಗಿದ್ದರೆ ತೆರೆಯುವುದು ರೂಟರಿನ ಪುಟ. ಆಗ ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲಿನಲ್ಲಿ ನೇರ ಮೋಡೆಮಿಗೆ ಜೋಡಿಸಬೇಕು. ಕಂಪನಿ ಪುಟಕ್ಕೆ ಬೀಗ ಹಾಕಿಲ್ಲದಿದ್ದರೆ ಸ್ಟೇಟಸ್ ವಿಭಾಗದಲ್ಲಿ `Rx Optical Power` ಎಂಬ ಸಾಲು ಕಾಣುತ್ತದೆ.

ಅದರ ಮುಂದಿನ ಸಂಖ್ಯೆ ಮೈನಸ್ಸಿನಲ್ಲಿರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಬೆಳಕು ಹೆಚ್ಚು. ಮೂರು ಅಂಕ ಇಳಿದರೆ ಬೆಳಕು ಅರ್ಧವಾಯಿತೆಂದು ಲೆಕ್ಕ. ಸಾಮಾನ್ಯ ಮನೆ ಮೋಡೆಮಿಗೆ ಕೆಳಗಿನ ಮಿತಿ ಮೈನಸ್ 27. ಮೈನಸ್ 18ರಿಂದ 24ರ ನಡುವೆ ಇದ್ದರೆ ನೆಮ್ಮದಿ. ಬೆಳಕೇ ಇಲ್ಲದಾಗ ಹಲವು ಮೋಡೆಮುಗಳು `-40.00 dBm` ಎಂದು ತೋರಿಸುತ್ತವೆ.

ಈ ಅಂಕಿ ಬರುವ ದಾರಿ ಹೀಗೆ: ಕೇಂದ್ರದಿಂದ ಬೆಳಕು ಪ್ಲಸ್ 3ರಲ್ಲಿ, ಅಂದರೆ 2 ಮಿಲಿವಾಟ್ ಶಕ್ತಿಯಲ್ಲಿ ಹೊರಟಿತು ಎನ್ನಿ. ಎಂಟು ಕವಲಿನ ಎರಡು ಸ್ಪ್ಲಿಟರುಗಳಲ್ಲಿ ಒಟ್ಟು 21 ಕಳೆಯುತ್ತದೆ. ನಾಲ್ಕು ಕಿಲೋಮೀಟರ್ ಫೈಬರಿನಲ್ಲಿ ಸುಮಾರು 1, ಕನೆಕ್ಟರು ಮತ್ತು ಬೆಸುಗೆಗಳಲ್ಲಿ 2. ಮನೆಗೆ ಮುಟ್ಟುವುದು ಮೈನಸ್ 21, ಅಂದರೆ 8 ಮೈಕ್ರೊವಾಟ್. ಮಿತಿಯಾದ ಮೈನಸ್ 27 ಎಂದರೆ 2 ಮೈಕ್ರೊವಾಟ್. ಕಿಲೋಮೀಟರುಗಟ್ಟಲೆ ದೂರ ಕಳೆಯುವುದಕ್ಕಿಂತ ಹೆಚ್ಚನ್ನು ಬೀರುವಿನ ಹಿಂದಿನ ಒಂದು ಮಡಿಕೆ ಕಳೆಯಬಲ್ಲದು.

ಸಾಗರದ ಬಳಿಯ ಒಂದು ಮನೆ

ಸಾಗರ ಪೇಟೆಯಿಂದ ಸ್ವಲ್ಪ ದೂರದ ಒಂದು ತೋಟದ ಮನೆಯ ಪ್ರಸಂಗದಲ್ಲಿ ಇದೆಲ್ಲ ಒಟ್ಟಿಗೆ ಬರುತ್ತದೆ. ತಾಯಿ ಒಬ್ಬರೇ ಮನೆಯಲ್ಲಿ, ಮಗ ಬೆಂಗಳೂರಿನಲ್ಲಿ. ಎಲ್‌ಒಎಸ್ ಕೆಂಪು, ಪಕ್ಕದ ಮನೆಗೆ ಇಂಟರ್‌ನೆಟ್ ಇದೆ. ಮಗ ಫೋನಿನಲ್ಲಿ ಹೇಳಿದ, ‘ಅಮ್ಮ, ಹಸಿರು ಪ್ಲಗ್ ಕೀಳಬೇಡ, ಮೊದಲು ಆ ಹಳದಿ ವಯರ್ ಎಲ್ಲಿಗೆ ಹೋಗಿದೆ ನೋಡು.’

‘ಬೀರು ಹಿಂದೆ ಹೋಗಿದೆ ಕಣೋ. ಮೊನ್ನೆ ಸುಣ್ಣ ಹೊಡೆಸಿದಾಗ ಬೀರು ಸರಿಸಿದ್ವಿ.’

ಬೀರು ನಾಲ್ಕು ಬೆರಳು ಮುಂದಕ್ಕೆ ಬಂದಿತು. ಗೋಡೆಗೆ ಒತ್ತಿ ಚೂಪಾಗಿ ಮಡಿಚಿದ್ದ ವಯರು ಸಡಿಲವಾಯಿತು. ಸ್ವಲ್ಪ ಹೊತ್ತಿಗೆ ಕೆಂಪು ಆರಿತು, ಪಾನ್ ದೀಪ ಮಿನುಗಿ ಸ್ಥಿರವಾಯಿತು.

ಆದರೆ ಸಂಜೆ ಗಾಳಿ ಎದ್ದಾಗ ಕೆಂಪು ದೀಪ ಮತ್ತೆ ಬಂದು ಹೋಗಿ ಮಾಡಿತು. ಪಕ್ಕದ ಮನೆಯ ಕಾಲೇಜು ಹುಡುಗ ಲ್ಯಾಪ್‌ಟಾಪ್ ಜೋಡಿಸಿ ಅಂಕಿ ಓದಿದ: ಮೈನಸ್ 26.2. ಸಂಪರ್ಕ ಕೊಟ್ಟ ದಿನ ಲೈನ್‌ಮ್ಯಾನ್ ಗೋಡೆಯ ಡಬ್ಬಿಯ ಮೇಲೆ ಬರೆದುಹೋಗಿದ್ದು ಮೈನಸ್ 21. ಐದು ಅಂಕ ಇಳಿದಿದೆ, ಅಂದರೆ ಮೊದಲಿನ ಮೂರನೇ ಒಂದು ಭಾಗದಷ್ಟೂ ಬೆಳಕು ಬರುತ್ತಿಲ್ಲ. ಮನೆಯೊಳಗಿನ ವಯರು ಈಗ ಸಡಿಲವಾಗಿದೆ, ಪ್ಲಗ್ಗು ಗಟ್ಟಿಯಾಗಿ ಕೂತಿದೆ, ಗಾಳಿ ಬೀಸಿದಾಗ ತೊಂದರೆ ಹೆಚ್ಚುತ್ತದೆ, ಪಕ್ಕದವರಿಗೆ ತೊಂದರೆಯಿಲ್ಲ. ನಾಲ್ಕನ್ನೂ ಕೂಡಿಸಿದರೆ ಉಳಿಯುವುದು ಕಂಬದಿಂದ ಮನೆಗೆ ಬರುವ ಕೇಬಲು.

ದೂರು ಕೊಡುವಾಗ ಅವರು ಅಷ್ಟನ್ನೇ ಹೇಳಿದರು. ಬಂದ ಲೈನ್‌ಮ್ಯಾನ್ ಪವರ್ ಮೀಟರಿನಲ್ಲಿ ಎರಡು ಕಡೆ ಅಳೆದ. ಕಂಬದ ಪೆಟ್ಟಿಗೆಯಲ್ಲಿ ಮೈನಸ್ 20.6, ಮನೆಯ ತುದಿಯಲ್ಲಿ ಮೈನಸ್ 25.9. ನೂರಿನ್ನೂರು ಮೀಟರ್ ಕೇಬಲಿನಲ್ಲಿ ಐದು ಅಂಕ ಕಳೆಯುವುದು ಸಹಜವಲ್ಲ. ಹುಡುಕಿದಾಗ ಹಲಸಿನ ಕೊಂಬೆಯೊಂದು ಕೇಬಲಿಗೆ ಉಜ್ಜಿ ಅದನ್ನು ಒಂದು ಕಡೆ ಜಜ್ಜಿದ್ದು ಕಂಡಿತು. ಆ ಭಾಗವನ್ನು ಕತ್ತರಿಸಿ ಬೆಸೆದ ಮೇಲೆ ಮನೆಯಲ್ಲಿ ಬಂದ ಅಂಕಿ ಮೈನಸ್ 21.3.

ಎರಡನೆಯ ದೋಷ ಬಹುಶಃ ಮೊದಲೇ ಇತ್ತು. ಒಂದೊಂದೇ ಇದ್ದಾಗ ಮಿತಿಯೊಳಗೆ ನಡೆಯುತ್ತಿದ್ದುದು, ಬೀರಿನ ಮಡಿಕೆಯೂ ಸೇರಿದಾಗ ಮಿತಿ ದಾಟಿತು. ದೀಪ ಆರಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯಬಾರದು ಎನ್ನುವುದು ಇದಕ್ಕೇ.

ಫೋನಿನಲ್ಲಿ ಹೇಳಬೇಕಾದ್ದು

‘ಇಂಟರ್‌ನೆಟ್ ಬರ್ತಿಲ್ಲ’ ಎಂದರೆ ಆ ಕಡೆಯವರು ರೂಟರ್ ಆಫ್ ಮಾಡಿ ಆನ್ ಮಾಡಿ ಎಂಬಲ್ಲಿಂದಲೇ ಶುರುಮಾಡುತ್ತಾರೆ. ‘ಎಲ್‌ಒಎಸ್ ಕೆಂಪಾಗಿದೆ, ಇಂಥ ಹೊತ್ತಿನಿಂದ. ಪಕ್ಕದ ಮನೆಯಲ್ಲಿ ಬರುತ್ತಿದೆ. ಪ್ಯಾಚ್ ಕಾರ್ಡ್ ಮಡಿಚಿಲ್ಲ, ಪ್ಲಗ್ಗು ಗಟ್ಟಿಯಾಗಿ ಕೂತಿದೆ, ಮೋಡೆಮ್ ಒಂದು ಸಲ ರೀಸ್ಟಾರ್ಟ್ ಮಾಡಿದ್ದೇವೆ’ ಎಂದರೆ ಮಾತು ನೇರವಾಗಿ ಲೈನ್‌ಮ್ಯಾನ್ ಕಳಿಸುವ ವಿಷಯಕ್ಕೆ ಬರುತ್ತದೆ. ಅಂಕಿ ಗೊತ್ತಿದ್ದರೆ ಅದನ್ನೂ ಹೇಳಿ, ದೂರಿನ ನಂಬರ್ ಬರೆದುಕೊಳ್ಳಿ.

ಅವರಿಂದಲೂ ಒಂದು ವಿಷಯ ಕೇಳಿ ತಿಳಿಯಬಹುದು. ಕರೆಂಟ್ ಹೋಗಿ ಮೋಡೆಮ್ ಆರುವಾಗ, ಅದರಲ್ಲಿ ಉಳಿದ ಚೂರು ಶಕ್ತಿಯಲ್ಲಿ ಕೇಂದ್ರಕ್ಕೆ ಕೊನೆಯದೊಂದು ಸಂದೇಶ ಕಳಿಸುತ್ತದೆ. ಫೈಬರ್ ತುಂಡಾದರೆ ಆ ಸಂದೇಶ ಹೋಗುವುದಿಲ್ಲ, ಮೋಡೆಮ್ ಸುಮ್ಮನೆ ಕಾಣೆಯಾಗುತ್ತದೆ. ಆದ್ದರಿಂದ ಎರಡರಲ್ಲಿ ಯಾವುದಾಯಿತೆಂದು ಅವರ ಪರದೆಯಲ್ಲಿ ಸಾಮಾನ್ಯವಾಗಿ ತಿಳಿಯುತ್ತದೆ. ಅದೇ ಪೋರ್ಟಿನ ಬೇರೆ ಎಷ್ಟು ಮನೆ ಕಾಣೆಯಾಗಿವೆ ಎಂಬುದೂ ತಿಳಿಯುತ್ತದೆ. ‘ನಮ್ಮ ಪೋರ್ಟಿನಲ್ಲಿ ಬೇರೆಯವರೂ ಡೌನ್ ಇದ್ದಾರಾ?’ ಎಂದು ಕೇಳಿ. ಹೌದೆಂದರೆ ದೋಷ ಹೊರಗಿನದು, ಇಲ್ಲವೆಂದರೆ ಹೆಚ್ಚಾಗಿ ನಮ್ಮ ಕೇಬಲಿನದು. ದೂರು ಕೊಟ್ಟ ಮೇಲೆ ಮೋಡೆಮ್ ಆನ್ ಆಗಿಯೇ ಇರಲಿ. ಕಂಬದ ಬಳಿ ದುರಸ್ತಿಯಾದ ಕೂಡಲೇ ಅದು ತಾನೇ ನೋಂದಣಿಯಾಗುತ್ತದೆ, ಬೆಳಕು ಮುಟ್ಟಿತೆಂದು ಅವರಿಗೂ ಗೊತ್ತಾಗುತ್ತದೆ.

ಲೈನ್‌ಮ್ಯಾನ್ ಪ್ಲಗ್ಗಿನ ತುದಿಯಲ್ಲಿ ಅಳೆದಾಗ ಬೆಳಕು ಸರಿಯಾಗಿ ಬರುತ್ತಿದ್ದೂ ಮೋಡೆಮ್ ಕೆಂಪನ್ನೇ ತೋರಿಸಿದರೆ, ಕೆಟ್ಟಿರುವುದು ಮೋಡೆಮಿನ ಒಳಗಿನ ರಿಸೀವರ್. ಸಿಡಿಲಿನ ನಂತರ ಹೀಗಾಗುವುದುಂಟು. ಗಾಜಿನ ಮೂಲಕ ವಿದ್ಯುತ್ ಬಾರದಿದ್ದರೂ ಅಡಾಪ್ಟರ್ ಮತ್ತು ಲ್ಯಾನ್ ಕೇಬಲಿನ ದಾರಿ ಅದಕ್ಕೆ ತೆರೆದೇ ಇರುತ್ತದೆ. ಆಗ ಪೆಟ್ಟಿಗೆ ಬದಲಿಸಬೇಕು, ಹೊಸದನ್ನು ಕಂಪನಿಯವರೇ ತಮ್ಮ ಯಂತ್ರದಲ್ಲಿ ಸೇರಿಸಿಕೊಡಬೇಕು.

ಕೆಲಸ ಮುಗಿಸಿ ಹೊರಡುವ ಲೈನ್‌ಮ್ಯಾನ್ ಬಳಿ ಕೊನೆಯ ಅಂಕಿ ಎಷ್ಟು ಬಂತೆಂದು ಕೇಳಿ, ತಾರೀಖಿನ ಜೊತೆ ಮೋಡೆಮಿನ ಪಕ್ಕದಲ್ಲೇ ಬರೆದಿಡಿ. ಅದು ಮೈನಸ್ 25ರ ಆಚೆಗಿದ್ದರೆ ದೀಪ ಆರಿದ್ದರೂ ಅವರನ್ನು ಹಾಗೇ ಬಿಡಬೇಡಿ, ಇನ್ನೆಲ್ಲಿ ಸೋರುತ್ತಿದೆ ನೋಡಿ ಎನ್ನಿ. ಮುಂದಿನ ಸಲ ಕೆಂಪು ದೀಪ ಬಂದಾಗ, ಎಷ್ಟು ಇಳಿದಿದೆ ಎಂದು ಹೋಲಿಸಿ ನೋಡಲು ಮನೆಯಲ್ಲಿ ಇರುವ ಆಧಾರ ಆ ಅಂಕಿಯೊಂದೇ.